ಕ್ಲೌಡ್ ಖಾತೆಯ ಮೊದಲ ದಿನ: ರೂಟ್ ಯಾರ ಕೈಯಲ್ಲಿದೆ?

ಕೋಡ್ ಸ್ಪೇಸಸ್ ಎಂಬ ಕಂಪನಿಯೊಂದಿತ್ತು. ತಂತ್ರಾಂಶ ಬರೆಯುವವರು ತಮ್ಮ ಪ್ರೋಗ್ರಾಮುಗಳನ್ನು ಅಲ್ಲಿ ಜೋಪಾನವಾಗಿ ಇಡುತ್ತಿದ್ದರು, ಅದಕ್ಕೆ ಹಣ ಕೊಡುತ್ತಿದ್ದರು. 2014ರ ಜೂನ್ 17ರಂದು ಅದರ ಜಾಲತಾಣಕ್ಕೆ ಹುಸಿ ದಟ್ಟಣೆ ನುಗ್ಗತೊಡಗಿತು. ಅಂಥ ದಾಳಿಗಳನ್ನು ಆ ಕಂಪನಿ ಮೊದಲೂ ಎದುರಿಸಿತ್ತು. ಆದರೆ ಈ ಬಾರಿ ದಾಳಿಕೋರ ಅವರ ಅಮೆಜಾನ್ ಕ್ಲೌಡ್ ಖಾತೆಯ ನಿಯಂತ್ರಣ ಫಲಕದ ಒಳಗೇ ಕುಳಿತಿದ್ದ. ಹಣ ಕೊಟ್ಟರೆ ದಾಳಿ ನಿಲ್ಲಿಸುತ್ತೇನೆಂದು ಫಲಕದಲ್ಲೇ ಸಂದೇಶ ಬಿಟ್ಟಿದ್ದ. ಕಂಪನಿಯವರು ಪಾಸ್‌ವರ್ಡ್ ಬದಲಿಸಿ ಅವನನ್ನು ಹೊರಗಟ್ಟಲು ನೋಡಿದರು. ಅಷ್ಟರಲ್ಲಿ ಆತ ಒಳಗೆ ಬೇರೆ ಬಳಕೆದಾರರನ್ನು ಸೃಷ್ಟಿಸಿಕೊಂಡಿದ್ದ. ತನ್ನನ್ನು ಹೊರಹಾಕುತ್ತಿದ್ದಾರೆಂದು ಗೊತ್ತಾದದ್ದೇ ತಡ, ಕೈಗೆ ಸಿಕ್ಕಿದ್ದನ್ನೆಲ್ಲ ಅಳಿಸತೊಡಗಿದ. ಡಿಸ್ಕುಗಳ ಪ್ರತಿಗಳು, ಕಡತಗಳ ಸಂಗ್ರಹ, ಯಂತ್ರಗಳ ಅಚ್ಚುಗಳು ಎಲ್ಲ ಹೋದವು. ಹನ್ನೆರಡು ಗಂಟೆಯೊಳಗೆ ಕಂಪನಿ ಮುಗಿದೇಹೋಯಿತು. ಬ್ಯಾಕಪ್ ಇರಲಿಲ್ಲವೆಂದಲ್ಲ. ಆ ಬ್ಯಾಕಪ್ಪೂ ಅದೇ ಫಲಕದಿಂದ ಕೈಗೆಟುಕುವಂತಿತ್ತು.

ಇಂದು ಕ್ಲೌಡ್ ಖಾತೆ ತೆರೆಯುವುದು ಹತ್ತು ನಿಮಿಷದ ಕೆಲಸ. ಒಂದು ಇ-ಮೇಲ್ ವಿಳಾಸ, ಒಂದು ಮೊಬೈಲ್ ಸಂಖ್ಯೆ, ಒಂದು ಕಾರ್ಡ್ ಸಾಕು. ಕಾಲೇಜಿನ ಪ್ರಾಜೆಕ್ಟಿಗೆ ವಿದ್ಯಾರ್ಥಿ ತೆರೆಯುತ್ತಾನೆ, ಆನ್‌ಲೈನ್ ಪರೀಕ್ಷೆ ನಡೆಸಲು ಕೋಚಿಂಗ್ ಕೇಂದ್ರದವರು ತೆರೆಯುತ್ತಾರೆ. ಖಾತೆ ಸಿಕ್ಕ ಕೂಡಲೇ ಸರ್ವರ್ ಎಬ್ಬಿಸುವ ಆತುರ ಎಲ್ಲರಿಗೂ ಇರುತ್ತದೆ. ಆದರೆ ಖಾತೆ ಖಾಲಿಯಿರುವ ಆ ಮೊದಲ ದಿನವೇ ಭದ್ರತೆಯ ಕೆಲಸಕ್ಕೆ ತಕ್ಕ ದಿನ. ಆಗ ಯಾವುದೂ ಓಡುತ್ತಿರುವುದಿಲ್ಲ, ಏನನ್ನು ಬದಲಿಸಿದರೂ ಏನೂ ಮುರಿಯುವುದಿಲ್ಲ. ಆರು ತಿಂಗಳ ನಂತರ ಇದೇ ಕೆಲಸ ಮಾಡಹೊರಟರೆ, ಯಾವ ಪ್ರೋಗ್ರಾಮು ಯಾವ ಪಾಸ್‌ವರ್ಡನ್ನು ನಂಬಿ ನಡೆಯುತ್ತಿದೆ ಎಂದು ಹುಡುಕುವುದರಲ್ಲೇ ವಾರ ಕಳೆಯುತ್ತದೆ.

ಅಮೆಜಾನ್ ವೆಬ್ ಸರ್ವೀಸಸ್, ಅಂದರೆ ಎಲ್ಲರೂ ಎಡಬ್ಲ್ಯುಎಸ್ ಎನ್ನುವ ಕ್ಲೌಡನ್ನೇ ಉದಾಹರಣೆಯಾಗಿ ಹಿಡಿಯೋಣ. ಮೈಸೂರಿನಲ್ಲಿ ಇಬ್ಬರು ಪಾಲುದಾರರು ಸೇರಿ ಪರೀಕ್ಷೆ ನಡೆಸುವ ಜಾಲತಾಣ ಕಟ್ಟುತ್ತಿದ್ದಾರೆ ಎಂದುಕೊಳ್ಳಿ. ಹಿರಿಯ ಪಾಲುದಾರೆ ತನ್ನ ಜಿಮೇಲ್ ವಿಳಾಸ ಕೊಟ್ಟು ಖಾತೆ ತೆರೆದಿದ್ದಾರೆ. ಪಾಸ್‌ವರ್ಡನ್ನು ಕ್ರೋಮ್ ಬ್ರೌಸರ್ ತಾನೇ ನೆನಪಿಟ್ಟುಕೊಂಡಿದೆ. ಲೆಕ್ಕವಿಲ್ಲದಷ್ಟು ಖಾತೆಗಳು ಹೀಗೇ ಶುರುವಾಗುತ್ತವೆ.

ಖಾತೆ ತೆರೆಯುವಾಗ ಕೊಟ್ಟ ಇ-ಮೇಲ್ ಮತ್ತು ಪಾಸ್‌ವರ್ಡ್ ಹಾಕಿ ಒಳಬರುವ ಬಳಕೆದಾರನಿಗೆ ರೂಟ್ ಎಂದು ಹೆಸರು. ಉಳಿದ ಬಳಕೆದಾರರಿಗೆಲ್ಲ ಇಷ್ಟು ಮಾಡಬಹುದು, ಇಷ್ಟು ಕೂಡದು ಎಂದು ಅನುಮತಿ ಬರೆದು ಕಟ್ಟಿಹಾಕಬಹುದು. ಒಂಟಿ ಖಾತೆಯ ರೂಟನ್ನು ಹಾಗೆ ಕಟ್ಟಿಹಾಕುವ ದಾರಿಯಿಲ್ಲ. ಖಾತೆಯನ್ನೇ ಮುಚ್ಚುವುದು, ಖಾತೆಯ ಇ-ಮೇಲ್ ವಿಳಾಸ ಬದಲಿಸುವುದು, ಬಿಲ್ಲನ್ನು ಬೇರೆ ಬಳಕೆದಾರರು ನೋಡಬಹುದೇ ಎಂದು ತೀರ್ಮಾನಿಸುವುದು, ಇಂಥ ಕೆಲವು ಕೆಲಸಗಳು ರೂಟ್‌ಗೆ ಮಾತ್ರ ಮೀಸಲು. ರೂಟ್ ಎಂದರೆ ಜಮೀನಿನ ಮೂಲಪತ್ರ ಇದ್ದಂತೆ. ಬಿತ್ತುವುದಕ್ಕೆ, ಕಳೆ ಕೀಳುವುದಕ್ಕೆ ಯಾರೂ ಅದನ್ನು ಹಿಡಿದುಕೊಂಡು ಹೊಲಕ್ಕೆ ಹೋಗುವುದಿಲ್ಲ. ಆದರೆ ಅದು ಯಾರ ಪೆಟ್ಟಿಗೆಯಲ್ಲಿದೆ ಎಂಬುದು ಮನೆಯವರಿಗೆ ಗೊತ್ತಿರಲೇಬೇಕು.

ಮೊದಲ ದಿನದ ಪಟ್ಟಿಗಳೆಲ್ಲ ಸಾಮಾನ್ಯವಾಗಿ ಎಂಎಫ್‌ಎಯಿಂದ, ಅಂದರೆ ಪಾಸ್‌ವರ್ಡ್ ಜೊತೆ ಎರಡನೇ ಪುರಾವೆ ಕೇಳುವ ವ್ಯವಸ್ಥೆಯಿಂದ ಶುರುವಾಗುತ್ತವೆ. ನನ್ನ ಪ್ರಕಾರ ಅದಕ್ಕಿಂತ ಒಂದು ಮೆಟ್ಟಿಲು ಕೆಳಗಿನಿಂದ ಶುರುಮಾಡಬೇಕು. ರೂಟ್ ಪಾಸ್‌ವರ್ಡ್ ಮರೆತರೆ ಏನಾಗುತ್ತದೆ? ಬದಲಿಸುವ ಕೊಂಡಿ ಇ-ಮೇಲಿಗೆ ಬರುತ್ತದೆ. ಎಂಎಫ್‌ಎ ಸಾಧನ ಕಳೆದುಹೋದರೆ? ಲಾಗಿನ್ ಪುಟದಲ್ಲಿ `Sign in using alternative factors` ಎಂಬ ದಾರಿಯಿದೆ. ಮೊದಲು ಇ-ಮೇಲಿಗೆ ದೃಢೀಕರಣ ಬರುತ್ತದೆ, ಆಮೇಲೆ ಖಾತೆಯಲ್ಲಿ ನೋಂದಾಯಿಸಿದ ಫೋನಿಗೆ ಕರೆ ಬರುತ್ತದೆ, ಪರದೆಯ ಮೇಲೆ ಕಂಡ ಅಂಕಿಗಳನ್ನು ಫೋನಿನಲ್ಲಿ ಒತ್ತಬೇಕು. ನಿಜವಾದ ಒಡೆಯನಿಗೆ ಇದು ಅನುಕೂಲ. ಅದೇ ದಾರಿಯಲ್ಲಿ ಕಳ್ಳನೂ ಬರಬಹುದು. ನಿಮ್ಮ ಅಂಚೆಪೆಟ್ಟಿಗೆ ಮತ್ತು ನಿಮ್ಮ ಸಿಮ್ ಎರಡೂ ಯಾರ ಕೈಯಲ್ಲಿವೆಯೋ ಅವರಿಗೆ ನಿಮ್ಮ ಪಾಸ್‌ವರ್ಡೂ ಬೇಡ, ಎಂಎಫ್‌ಎಯೂ ಬೇಡ.

ಆದ್ದರಿಂದ ಮೈಸೂರಿನ ಪಾಲುದಾರರ ಮೊದಲ ಕೆಲಸ ಅಮೆಜಾನ್ ಫಲಕದಲ್ಲಿ ಅಲ್ಲ, ಇ-ಮೇಲಿನಲ್ಲಿ. ಖಾಸಗಿ ಜಿಮೇಲ್ ಬದಲು ಕಂಪನಿಯ ಹೆಸರಿನ ಡೊಮೇನಿನಲ್ಲಿ ಇಬ್ಬರಿಗೂ ತಲುಪುವ ಒಂದು ಸಾಮೂಹಿಕ ವಿಳಾಸ ಮಾಡಿಕೊಳ್ಳುವುದು ಒಳ್ಳೆಯದು. ನಾಳೆ ಒಬ್ಬರು ಕಂಪನಿ ಬಿಟ್ಟರೂ ಖಾತೆ ಅವರ ಜೊತೆ ಹೋಗುವುದಿಲ್ಲ. ಆದರೆ ಆ ಡೊಮೇನಿನ ಶುಲ್ಕವನ್ನು ವರ್ಷವರ್ಷ ತಪ್ಪದೆ ಕಟ್ಟಬೇಕು. ಅವಧಿ ಮುಗಿದ ಡೊಮೇನನ್ನು ಬೇರೆ ಯಾರಾದರೂ ಕೊಂಡರೆ ಆ ವಿಳಾಸಕ್ಕೆ ಬರುವ ಪತ್ರಗಳೂ ಅವರ ಪಾಲು, ಪಾಸ್‌ವರ್ಡ್ ಬದಲಿಸುವ ಪತ್ರವೂ ಸೇರಿದಂತೆ. ಆ ಡೊಮೇನನ್ನು ಕೊಂಡ ಕಂಪನಿಯ ಖಾತೆಗೂ, ಆ ವಿಳಾಸಕ್ಕೆ ಬಂದ ಪತ್ರ ಓದುವ ಇಬ್ಬರ ಅಂಚೆಪೆಟ್ಟಿಗೆಗಳಿಗೂ ಎಂಎಫ್‌ಎ ಹಾಕಬೇಕು. ಫೋನ್ ಸಂಖ್ಯೆಯ ವಿಷಯದಲ್ಲೂ ಇದೇ ಎಚ್ಚರ. ಖಾತೆ ತೆರೆಯಲೆಂದೇ ಕೊಂಡ ಸಿಮ್ಮನ್ನು ರೀಚಾರ್ಜ್ ಮಾಡದೆ ಡ್ರಾಯರಿನಲ್ಲಿ ಬಿಟ್ಟರೆ ಕೆಲವು ತಿಂಗಳಲ್ಲಿ ಆ ಸಂಖ್ಯೆ ನಿಂತುಹೋಗಿ ಮುಂದೆ ಇನ್ನೊಬ್ಬರ ಪಾಲಾಗುತ್ತದೆ. ದಿನಬಳಕೆಯ, ಮನೆಯ ಅಥವಾ ಕಚೇರಿಯ ಸ್ಥಿರ ಸಂಖ್ಯೆಯೇ ಅಲ್ಲಿರಲಿ.

ಬುಡ ಭದ್ರವಾದ ಮೇಲೆ ರೂಟ್ ಪಾಸ್‌ವರ್ಡ್. ಬೇರೆಲ್ಲೂ ಬಳಸದ, ಇಪ್ಪತ್ತಕ್ಕೂ ಹೆಚ್ಚು ಅಕ್ಷರಗಳ ಪಾಸ್‌ವರ್ಡನ್ನು ಪಾಸ್‌ವರ್ಡ್ ಮ್ಯಾನೇಜರಿನಿಂದಲೇ ಹುಟ್ಟಿಸಿ ಅದರಲ್ಲೇ ಇಡಿ. ಇದನ್ನು ದಿನಾ ಟೈಪ್ ಮಾಡುವ ಪ್ರಮೇಯವೇ ಬರುವುದಿಲ್ಲ, ಹಾಗಾಗಿ ನೆನಪಿಡುವಂತಿರಬೇಕು ಎಂಬ ಆಸೆ ಬೇಡ.

ಈಗ ಎಂಎಫ್‌ಎ. ಇದು ಮೊದಲು ನಮ್ಮ ಇಷ್ಟಕ್ಕೆ ಬಿಟ್ಟ ವಿಷಯವಾಗಿತ್ತು. 2024ರಿಂದ ಎಡಬ್ಲ್ಯುಎಸ್ ಹಂತಹಂತವಾಗಿ ರೂಟ್‌ಗೆ ಅದನ್ನು ಕಡ್ಡಾಯ ಮಾಡುತ್ತ ಬಂದಿದೆ. ಆದರೂ ಕಡ್ಡಾಯವೆಂದು ಯಾವುದೋ ಒಂದನ್ನು ಅಂಟಿಸಿ ಮುಗಿಸುವುದಕ್ಕೂ ತಿಳಿದು ಆರಿಸುವುದಕ್ಕೂ ಬಹಳ ವ್ಯತ್ಯಾಸವಿದೆ. ರೂಟ್ ಆಗಿ ಒಳಹೋಗಿ, ಬಲಮೇಲಿನ ಮೂಲೆಯಲ್ಲಿ ಖಾತೆಯ ಹೆಸರನ್ನು ಒತ್ತಿ, `Security credentials` ತೆರೆದು `Assign MFA device` ಎಂಬಲ್ಲಿಗೆ ಹೋದರೆ ಮೂರು ಆಯ್ಕೆಗಳು ಕಾಣುತ್ತವೆ.

ಎಲ್ಲರೂ ಬಲ್ಲದ್ದು ಮೊಬೈಲಿನ ಆಥೆಂಟಿಕೇಟರ್ ಆ್ಯಪ್. ಪರದೆಯ ಮೇಲಿನ ಕ್ಯುಆರ್ ಚಿತ್ರವನ್ನು ಆ್ಯಪಿಗೆ ತೋರಿಸಬೇಕು. ಆ ಚಿತ್ರದೊಳಗೆ ಒಂದು ಗುಟ್ಟಿನ ಸಂಖ್ಯೆಯಿದೆ. ಅದು ಅಮೆಜಾನ್ ಬಳಿಯೂ ಇರುತ್ತದೆ, ನಿಮ್ಮ ಫೋನಿನಲ್ಲೂ ಇರುತ್ತದೆ. ಎರಡೂ ಕಡೆ ಆ ಗುಟ್ಟನ್ನೂ ಗಡಿಯಾರದ ಸಮಯವನ್ನೂ ಸೇರಿಸಿ ಲೆಕ್ಕ ಹಾಕಿದಾಗ ಒಂದೇ ಆರಂಕಿ ಬರುತ್ತದೆ, 30 ಸೆಕೆಂಡಿಗೊಮ್ಮೆ ಅದು ಬದಲಾಗುತ್ತದೆ. ನೋಂದಣಿಯಲ್ಲಿ ಒಂದರ ಹಿಂದೊಂದು ಬರುವ ಎರಡು ಸಂಖ್ಯೆಗಳನ್ನು ಕೇಳುತ್ತಾರೆ. ಎರಡೂ ತಪ್ಪು ಎಂದು ಪದೇಪದೇ ಬಂದರೆ ಬಹುತೇಕ ಫೋನಿನ ಗಡಿಯಾರ ಹಿಂದೆಮುಂದೆ ಆಗಿರುತ್ತದೆ. ಸಮಯವನ್ನು ತಾನಾಗಿ ಹೊಂದಿಸಿಕೊಳ್ಳುವಂತೆ ಫೋನಿನಲ್ಲಿ ಬದಲಿಸಿದರೆ ಸರಿಹೋಗುತ್ತದೆ. ಇನ್ನೊಂದು ಎಚ್ಚರ: ಆ ಕ್ಯುಆರ್ ಚಿತ್ರದ ಸ್ಕ್ರೀನ್‌ಶಾಟ್ ತೆಗೆದು ಪಾಲುದಾರರಿಗೆ ವಾಟ್ಸ್ಆ್ಯಪಿನಲ್ಲಿ ಕಳಿಸಬಾರದು. ಆ ಚಿತ್ರ ಯಾರ ಬಳಿ ಇದೆಯೋ ಅವರ ಫೋನಿನಲ್ಲೂ ಇದೇ ಆರಂಕಿ ಮೂಡುತ್ತದೆ, ಎಂದೆಂದಿಗೂ.

ಆ್ಯಪಿಗೆ ಒಂದು ದೊಡ್ಡ ಮಿತಿಯಿದೆ. ನಕಲಿ ಲಾಗಿನ್ ಪುಟವೊಂದು ನಿಮ್ಮನ್ನು ಮೋಸಗೊಳಿಸಿದರೆ ನೀವೇ ಆ ಆರಂಕಿಯನ್ನು ಅಲ್ಲಿ ಟೈಪ್ ಮಾಡುತ್ತೀರಿ. ಕಳ್ಳನ ಯಂತ್ರ ಅದನ್ನು ಅದೇ ಕ್ಷಣದಲ್ಲಿ ಅಸಲಿ ಪುಟಕ್ಕೆ ದಾಟಿಸುತ್ತದೆ. 30 ಸೆಕೆಂಡು ಅದಕ್ಕೆ ಧಾರಾಳ. ಈ ಮೋಸಕ್ಕೆ ಸಿಗದ್ದು ಎರಡನೇ ಆಯ್ಕೆ, ಪಾಸ್‌ಕೀ ಅಥವಾ ಸೆಕ್ಯುರಿಟಿ ಕೀ. ಇಲ್ಲಿ ಬೆರಳಿನಿಂದ ಟೈಪ್ ಮಾಡುವುದು ಏನೂ ಇಲ್ಲ. ಯಾವ ಜಾಲತಾಣದ ವಿಳಾಸಕ್ಕೆ ನೋಂದಣಿ ಮಾಡಿದ್ದೇವೋ ಆ ವಿಳಾಸಕ್ಕೆ ಮಾತ್ರ ಅದು ಉತ್ತರ ಕೊಡುತ್ತದೆ. ಅಕ್ಷರವೊಂದನ್ನು ಬದಲಿಸಿ ಮಾಡಿದ ನಕಲಿ ವಿಳಾಸ ನಮ್ಮ ಕಣ್ಣಿಗೆ ತಪ್ಪಿಸಿಕೊಂಡರೂ ಬ್ರೌಸರಿಗೆ ತಪ್ಪುವುದಿಲ್ಲ. ಸೆಕ್ಯುರಿಟಿ ಕೀ ಎಂಬುದು ಪೆನ್‌ಡ್ರೈವ್ ಗಾತ್ರದ, ಲ್ಯಾಪ್‌ಟಾಪಿಗೆ ಚುಚ್ಚುವ ಸಾಧನ, ಕೆಲವು ಸಾವಿರ ರೂಪಾಯಿ ಬೆಲೆ. ಪಾಸ್‌ಕೀ ನಮ್ಮ ಫೋನ್ ಅಥವಾ ಲ್ಯಾಪ್‌ಟಾಪಿನಲ್ಲೇ ಕೂರುತ್ತದೆ, ಖರ್ಚಿಲ್ಲ. ಮೂರನೆಯದು ಆರಂಕಿ ತೋರಿಸುವ ಪ್ರತ್ಯೇಕ ಟೋಕನ್. ಈಗ ಅದರ ಹಿಂದೆ ಹೋಗುವ ಕಾರಣವಿಲ್ಲ.

ಪಾಸ್‌ಕೀಯೇ ಮೇಲು ಎಂದು ಹೇಳಿ ನಿಲ್ಲಿಸುವ ಮೊದಲು ಮೈಸೂರಿನ ಹಿರಿಯ ಪಾಲುದಾರೆಯ ಸ್ಥಿತಿಯನ್ನು ಮತ್ತೊಮ್ಮೆ ನೋಡಬೇಕು. ಆಕೆಯ ರೂಟ್ ಇ-ಮೇಲ್ ಜಿಮೇಲ್. ಪಾಸ್‌ವರ್ಡ್ ಅದೇ ಗೂಗಲ್ ಖಾತೆಯ ಕ್ರೋಮಿನಲ್ಲಿದೆ. ಆಂಡ್ರಾಯ್ಡ್ ಫೋನಿನಲ್ಲಿ ಪಾಸ್‌ಕೀ ಮಾಡಿದರೆ ಅದು ಸಾಮಾನ್ಯವಾಗಿ ಅದೇ ಗೂಗಲ್ ಖಾತೆಗೆ ಪ್ರತಿಯಾಗುತ್ತದೆ. ಗೂಗಲ್ ಆಥೆಂಟಿಕೇಟರ್ ಆ್ಯಪ್ ಕೂಡ 2023ರಿಂದ ತನ್ನ ಗುಟ್ಟಿನ ಸಂಖ್ಯೆಗಳನ್ನು ಗೂಗಲ್ ಖಾತೆಯಲ್ಲಿ ಉಳಿಸುವ ಸೌಲಭ್ಯ ಕೊಟ್ಟಿದೆ. ಎರಡು ಪುರಾವೆ ಕೇಳುತ್ತಿದ್ದೇವೆ ಎಂದು ನಾವು ಭಾವಿಸಿದ್ದೇವೆ, ಆದರೆ ಇ-ಮೇಲ್, ಪಾಸ್‌ವರ್ಡ್, ಎರಡನೇ ಪುರಾವೆ ಮೂರೂ ಒಂದೇ ಗೂಗಲ್ ಲಾಗಿನ್ನಿನ ಹಿಂದೆ ಸೇರಿಕೊಂಡಿವೆ. ಆ ಒಂದು ಲಾಗಿನ್ ಬಿದ್ದರೆ ಮೂರೂ ಬೀಳುತ್ತವೆ. ಫಲಕದಲ್ಲಿ ಮಾತ್ರ ಎಲ್ಲವೂ ಸರಿಯಿದೆ ಎಂಬ ಹಸಿರು ಗುರುತೇ ಕಾಣುತ್ತಿರುತ್ತದೆ. ಹೊಸ ಖಾತೆಗಳಲ್ಲಿ ನನ್ನನ್ನು ಅತಿಹೆಚ್ಚು ಕಾಡುವ ಸಂಗತಿ ಇದೇ. ಪ್ರತಿ ಪುರಾವೆಯ ಬಗ್ಗೆಯೂ ಒಂದು ಪ್ರಶ್ನೆ ಕೇಳಿಕೊಳ್ಳಬೇಕು: ಇದರ ಪ್ರತಿ ಎಲ್ಲಿದೆ, ಆ ಪ್ರತಿಗೆ ಕಾವಲು ಯಾರು?

ಹಾಗಾಗಿ ನಾನು ಹೇಳುವ ಏರ್ಪಾಟು ಇದು. ಎರಡು ಸೆಕ್ಯುರಿಟಿ ಕೀ ಕೊಳ್ಳಿ, ಎರಡನ್ನೂ ರೂಟ್‌ಗೆ ನೋಂದಾಯಿಸಿ. ಒಬ್ಬ ಬಳಕೆದಾರನಿಗೆ ಎಂಟರವರೆಗೆ ಎಂಎಫ್‌ಎ ಸಾಧನಗಳನ್ನು ಸೇರಿಸಲು ಎಡಬ್ಲ್ಯುಎಸ್ ಬಿಡುತ್ತದೆ. ಒಂದು ಹಿರಿಯರ ಮನೆಯಲ್ಲಿರಲಿ, ಇನ್ನೊಂದು ಕಿರಿಯ ಪಾಲುದಾರನ ಮನೆಯಲ್ಲಿ. ಎರಡನ್ನೂ ಒಂದೇ ಬ್ಯಾಗಿನಲ್ಲಿ ಇಟ್ಟರೆ ಎರಡು ಕೊಂಡು ಪ್ರಯೋಜನವಿಲ್ಲ. ಅಷ್ಟು ಖರ್ಚು ಬೇಡವೆನ್ನುವ ವಿದ್ಯಾರ್ಥಿ ಲ್ಯಾಪ್‌ಟಾಪಿನಲ್ಲೊಂದು ಪಾಸ್‌ಕೀ, ಫೋನಿನ ಆ್ಯಪಿನಲ್ಲೊಂದು ಎಂದು ಇಟ್ಟುಕೊಳ್ಳಬಹುದು. ಆದರೆ ಆ ಆ್ಯಪ್ ರೂಟ್ ಇ-ಮೇಲಿನ ಖಾತೆಗೇ ಪ್ರತಿಯಾಗದಂತೆ ನೋಡಿಕೊಳ್ಳಬೇಕು. ನೋಂದಣಿ ಆದ ಮೇಲೆ ಲಾಗ್ಔಟ್ ಆಗಿ, ಮೊದಲ ಸಾಧನದಿಂದ ಒಮ್ಮೆ, ಎರಡನೆಯದರಿಂದ ಇನ್ನೊಮ್ಮೆ ಒಳಗೆ ಬಂದು ನೋಡಬೇಕು. ಕೆಲಸ ಮಾಡದ ಬದಲಿ ಸಾಧನದ ವಿಷಯ ಗೊತ್ತಾಗಬೇಕಾದದ್ದು ಇವತ್ತು, ಮೊದಲನೆಯದು ಕಳೆದುಹೋದ ದಿನವಲ್ಲ.

ಅದೇ ಪುಟದಲ್ಲಿ ಕೆಳಗೆ ಸರಿದರೆ `Access keys` ಎಂಬ ಭಾಗವಿದೆ. ರೂಟ್‌ಗೆ ಅಲ್ಲಿ ಒಂದೂ ಇರಬಾರದು. ಇದು ಏಕೆ ಮುಖ್ಯವೆಂದು ಸ್ವಲ್ಪ ವಿವರಿಸಬೇಕು, ಏಕೆಂದರೆ ಎಂಎಫ್‌ಎ ಹಾಕಿದೆವು ಎಂದು ನೆಮ್ಮದಿಯಾಗುವವರು ಎಡವುವುದು ಇಲ್ಲೇ. ಆ್ಯಕ್ಸೆಸ್ ಕೀ ಎಂದರೆ ಪ್ರೋಗ್ರಾಮುಗಳು ಕ್ಲೌಡಿನೊಂದಿಗೆ ಮಾತಾಡಲು ಬಳಸುವ ಜೋಡಿ ಗುರುತು. ಒಂದು `AKIA` ಎಂದು ಶುರುವಾಗುವ ಹೆಸರು, ಇನ್ನೊಂದು ಅದರ ಗುಟ್ಟು. ಪ್ರೋಗ್ರಾಮಿಗೆ ಬೆರಳಿಲ್ಲ, ಫೋನಿಲ್ಲ. ಹಾಗಾಗಿ ಆ ಜೋಡಿ ಕೊಟ್ಟರೆ ಸಾಮಾನ್ಯವಾಗಿ ಎಂಎಫ್‌ಎ ಪ್ರಶ್ನೆಯೇ ಬರುವುದಿಲ್ಲ. ಲಾಗಿನ್ ಪುಟಕ್ಕೆ ನಾವು ಎಷ್ಟೇ ಕಾವಲಿಟ್ಟರೂ ಆ್ಯಕ್ಸೆಸ್ ಕೀ ಪಕ್ಕದ ಬಾಗಿಲಿನಿಂದ ಒಳಗೆ ಬರುತ್ತದೆ. ಅದನ್ನು ಪ್ರೋಗ್ರಾಮಿನ ಕಡತದಲ್ಲಿ ಬರೆದು, ಆ ಕಡತವನ್ನು ಗಿಟ್‌ಹಬ್ಬಿನಲ್ಲಿ ಎಲ್ಲರಿಗೂ ಕಾಣುವಂತೆ ಏರಿಸಿದರೆ, ಇಂಥದ್ದನ್ನೇ ಹುಡುಕುತ್ತ ಹಗಲಿರುಳು ಓಡುವ ಯಂತ್ರಗಳು ನಿಮಿಷಗಳಲ್ಲಿ ಹೆಕ್ಕಿಕೊಳ್ಳುತ್ತವೆ. ಮುಂದೆ ನಡೆಯುವುದು ಸಾಮಾನ್ಯವಾಗಿ ಒಂದೇ ಬಗೆ: ಬೇರೆ ಬೇರೆ ದೇಶಗಳ ಕೇಂದ್ರಗಳಲ್ಲಿ ದೊಡ್ಡ ಯಂತ್ರಗಳು ಎದ್ದು ನಿಮ್ಮ ಖರ್ಚಿನಲ್ಲಿ ಕ್ರಿಪ್ಟೊ ನಾಣ್ಯ ಗಣಿಗಾರಿಕೆ ಶುರುಮಾಡುತ್ತವೆ. ಅಳಿಸಿದರೂ ಪ್ರಯೋಜನವಿಲ್ಲ, ಹಳೆಯ ಆವೃತ್ತಿ ಗಿಟ್‌ನ ಇತಿಹಾಸದಲ್ಲಿ ಉಳಿದಿರುತ್ತದೆ. ಸೋರಿದ ಕೀಯನ್ನು ಎಡಬ್ಲ್ಯುಎಸ್ ಫಲಕದಲ್ಲಿ ನಿಷ್ಕ್ರಿಯ ಮಾಡುವುದೊಂದೇ ದಾರಿ.

ಇನ್ನು ರೂಟ್‌ನಿಂದ ಮಾಡಿ ಮುಗಿಸಬೇಕಾದ ಎರಡು ಸಣ್ಣ ಕೆಲಸ. ಖಾತೆಯ ಪುಟದಲ್ಲಿ ಬಿಲ್ಲಿಂಗ್, ನಿರ್ವಹಣೆ, ಭದ್ರತೆ ಎಂದು ಮೂರು ಪರ್ಯಾಯ ಸಂಪರ್ಕಗಳನ್ನು ಕೊಡಲು ಜಾಗವಿದೆ. ಭದ್ರತೆಯದನ್ನಾದರೂ ತುಂಬಿ. ನಿಮ್ಮ ಕೀ ಸೋರಿದೆ ಎಂದು ಅಮೆಜಾನ್ ಎಚ್ಚರಿಸಿದರೆ ಆ ಪತ್ರ ಯಾರೂ ಓದದ ವಿಳಾಸಕ್ಕಷ್ಟೇ ಹೋಗಿ ಕೂರಬಾರದು. ಮತ್ತೆ, ಬೇರೆ ಬಳಕೆದಾರರು ಬಿಲ್ ನೋಡಲು ಅನುಮತಿ ಕೊಡುವ ಗುಂಡಿ ರೂಟ್‌ಗೆ ಮಾತ್ರ ಸಿಗುತ್ತದೆ. ಇವತ್ತೇ ಅದನ್ನು ಒತ್ತಿದರೆ, ತಿಂಗಳ ಬಿಲ್ ನೋಡುವುದಕ್ಕೆಂದು ಮತ್ತೆಮತ್ತೆ ರೂಟ್ ಆಗಿ ಬರಬೇಕಾಗುವುದಿಲ್ಲ.

ಆಮೇಲೆ ದಿನಬಳಕೆಯ ಲಾಗಿನ್. ಎಡಬ್ಲ್ಯುಎಸ್ ಈಗ ಶಿಫಾರಸು ಮಾಡುವುದು ಐಡೆಂಟಿಟಿ ಸೆಂಟರ್ ಎಂಬ ಸೇವೆ. ಅಲ್ಲಿ ಇಬ್ಬರು ಪಾಲುದಾರರಿಗೂ ಅವರವರ ಹೆಸರಿನಲ್ಲಿ ಬಳಕೆದಾರರನ್ನು ಮಾಡಿ, ಇಬ್ಬರಿಗೂ ಎಂಎಫ್‌ಎ ಕಡ್ಡಾಯ ಮಾಡಿ, `AdministratorAccess` ಅನುಮತಿ ಕೊಡಬಹುದು. ಇದರ ನಿಜವಾದ ಲಾಭ ಪ್ರೋಗ್ರಾಮರ್ ಕೆಲಸಕ್ಕೆ ಕುಳಿತಾಗ ಕಾಣುತ್ತದೆ. ಲ್ಯಾಪ್‌ಟಾಪಿನಲ್ಲಿ `aws sso login` ಎಂದರೆ ಬ್ರೌಸರ್ ತೆರೆದು ಎಂಎಫ್‌ಎ ಕೇಳಿ, ಕೆಲವು ಗಂಟೆಗಳಲ್ಲಿ ತಾನಾಗಿ ಸಾಯುವ ತಾತ್ಕಾಲಿಕ ಗುರುತು ಸಿಗುತ್ತದೆ. ಎಂದೂ ಸಾಯದ `AKIA` ಜೋಡಿಯನ್ನು ಲ್ಯಾಪ್‌ಟಾಪಿನಲ್ಲಿ ಇಡುವ ಅಗತ್ಯವೇ ಬೀಳುವುದಿಲ್ಲ. ಆ ಹೊತ್ತಿನಲ್ಲಿ ಕದ್ದ ಗುರುತು ಕೂಡ ಮರುದಿನಕ್ಕೆ ಕೆಲಸಕ್ಕೆ ಬಾರದು.

ವಿದ್ಯಾರ್ಥಿಗಳು ಇಲ್ಲಿ ಒಂದು ಮಾತು ಗಮನಿಸಬೇಕು. 2025ರ ಜುಲೈ ನಂತರ ಬಂದ ಉಚಿತ ಯೋಜನೆಯಲ್ಲಿ ಖಾತೆ ತೆರೆದಿದ್ದರೆ, ಐಡೆಂಟಿಟಿ ಸೆಂಟರಿಗಾಗಿ ಆರ್ಗನೈಸೇಷನ್ ಸೃಷ್ಟಿಸಿದ ಕೂಡಲೇ ಖಾತೆ ಹಣ ಕೊಡುವ ಯೋಜನೆಗೆ ಬದಲಾಗುತ್ತದೆ. ಕಲಿಯಲು ಮಾತ್ರ ತೆರೆದವರು ಅದನ್ನು ಬಿಟ್ಟು, ಐಎಎಂ ಎಂಬ ಹಳೆಯ ಸೇವೆಯಲ್ಲಿ ಒಬ್ಬ ಬಳಕೆದಾರನನ್ನು ಮಾಡಿ, ಅವನಿಗೂ ಎಂಎಫ್‌ಎ ಹಾಕಿ, ಆ್ಯಕ್ಸೆಸ್ ಕೀ ಮಾಡದೆ ಮುಂದುವರಿದರೆ ಸಾಕು.

ಹೊಸ ಬಳಕೆದಾರನಾಗಿ ಒಳಗೆ ಬಂದ ಮೇಲೆ, ಈವರೆಗೆ ಮಾಡಿದ್ದು ನಿಜವಾಗಿ ಆಗಿದೆಯೇ ಎಂದು ಪರೀಕ್ಷಿಸಬಹುದು. ಫಲಕದ ಮೇಲಂಚಿನಲ್ಲಿ ಕ್ಲೌಡ್‌ಶೆಲ್ ಎಂಬ ಗುರುತಿದೆ. ಅದನ್ನು ಒತ್ತಿದರೆ ಯಾವ ಕೀಯೂ ಇಲ್ಲದೆ ಆಜ್ಞೆ ಬರೆಯುವ ಕಪ್ಪು ಪರದೆ ತೆರೆಯುತ್ತದೆ. ಅಲ್ಲಿ ಎರಡು ಸಾಲು:

```
aws sts get-caller-identity
aws iam get-account-summary --query 'SummaryMap.[AccountMFAEnabled,AccountAccessKeysPresent]'
```

ಮೊದಲ ಸಾಲು ನೀವು ಯಾರಾಗಿ ಕುಳಿತಿದ್ದೀರಿ ಎಂದು ಹೇಳುತ್ತದೆ. ಉತ್ತರದ ಕೊನೆಯಲ್ಲಿ `:root` ಎಂದು ಕಂಡರೆ ಇನ್ನೂ ರೂಟ್ ಆಗಿಯೇ ಇದ್ದೀರಿ ಎಂದರ್ಥ, ಲಾಗ್ಔಟ್ ಆಗಿ ಬನ್ನಿ. ಎರಡನೇ ಸಾಲಿಗೆ ಎರಡು ಅಂಕಿ ಬರುತ್ತವೆ. ಮೊದಲನೆಯದು 1 ಇರಬೇಕು, ಅಂದರೆ ರೂಟ್‌ಗೆ ಎಂಎಫ್‌ಎ ಇದೆ. ಎರಡನೆಯದು 0 ಇರಬೇಕು, ಅಂದರೆ ರೂಟ್‌ಗೆ ಆ್ಯಕ್ಸೆಸ್ ಕೀ ಇಲ್ಲ. ಬೇರೆ ಯಾವ ಉತ್ತರ ಬಂದರೂ ಮತ್ತೆ ರೂಟ್‌ನ `Security credentials` ಪುಟಕ್ಕೆ ಹೋಗಿ ಸರಿಮಾಡಬೇಕು.

ಹಣದ ಎಚ್ಚರಿಕೆಯೂ ಮೊದಲ ದಿನದ ಕೆಲಸವೇ. ಬಜೆಟ್ಸ್ ಎಂಬ ಸೇವೆಯಲ್ಲಿ ಸಿದ್ಧ ಮಾದರಿಗಳಿವೆ. ಒಂದು ಸೆಂಟ್ ಖರ್ಚಾದರೂ ಪತ್ರ ಬರುವ ಶೂನ್ಯ ಖರ್ಚಿನ ಬಜೆಟ್ ವಿದ್ಯಾರ್ಥಿಗೆ ಸರಿ. ಮೈಸೂರಿನ ಪಾಲುದಾರರು ತಿಂಗಳಿಗೆ ಇಷ್ಟು ಎಂದು ಹಾಕಿಕೊಂಡರೆ, ಖರ್ಚು ಆ ಮೊತ್ತದ ಹತ್ತಿರ ಬಂದಾಗ ಒಮ್ಮೆ, ದಾಟಿದಾಗ ಒಮ್ಮೆ, ತಿಂಗಳ ಕೊನೆಗೆ ದಾಟಬಹುದೆಂದು ಅಂದಾಜಾದಾಗ ಇನ್ನೊಮ್ಮೆ ಪತ್ರ ಬರುತ್ತದೆ. ಆದರೆ ಬಜೆಟ್ ಎಂಬ ಹೆಸರು ಕೇಳಿ ಖರ್ಚು ಅಲ್ಲಿಗೇ ನಿಲ್ಲುತ್ತದೆ ಎಂದು ತಿಳಿಯಬಾರದು. ಅದು ತಿಳಿಸುತ್ತದೆ ಅಷ್ಟೆ, ತಡೆಯುವುದಿಲ್ಲ. ಲೆಕ್ಕವೂ ಆಯಾ ಕ್ಷಣದ್ದಲ್ಲ, ಸಾಮಾನ್ಯವಾಗಿ 8ರಿಂದ 12 ಗಂಟೆಗೊಮ್ಮೆ ಹೊಸದಾಗುತ್ತದೆ. ಕಳ್ಳ ರಾತ್ರಿ ಹತ್ತಕ್ಕೆ ಎಬ್ಬಿಸಿದ ಯಂತ್ರಗಳ ಸುದ್ದಿ ನಿಮಗೆ ಬೆಳಿಗ್ಗೆಯ ಹೊತ್ತಿಗೆ ಬರಬಹುದು. ಅಷ್ಟರಲ್ಲಿ ಬಿಲ್ ಬೆಳೆದಿರುತ್ತದೆ. ಬಜೆಟ್ ಇಲ್ಲದಿದ್ದರೆ ಮಾತ್ರ ತಿಂಗಳ ಕೊನೆಯವರೆಗೂ ಬೆಳೆಯುತ್ತಿತ್ತು.

ಯಾರು ಏನು ಮಾಡಿದರು ಎಂಬ ದಿನಚರಿಯನ್ನು ಕ್ಲೌಡ್‌ಟ್ರೈಲ್ ಎಂಬ ಸೇವೆ ಬರೆಯುತ್ತದೆ. ಖಾತೆ ತೆರೆದ ದಿನದಿಂದಲೇ ಅದು ಕಳೆದ 90 ದಿನಗಳ ಆಡಳಿತ ಕೆಲಸಗಳನ್ನು ಉಚಿತವಾಗಿ ತೋರಿಸುತ್ತದೆ. 90 ದಿನ ದಾಟಿದ್ದು ಬೇಕೆಂದರೆ ಒಂದು ಟ್ರೈಲ್ ಮಾಡಿ ಎಸ್3 ಸಂಗ್ರಹಕ್ಕೆ ಬರೆಸಬೇಕು. ಮೊದಲ ಟ್ರೈಲಿಗೆ ಶುಲ್ಕವಿಲ್ಲ, ಸಂಗ್ರಹದ ಜಾಗಕ್ಕೆ ಮಾತ್ರ ಅಲ್ಪ ಖರ್ಚು. ಇಲ್ಲಿ ನಮ್ಮವರನ್ನು ಗಲಿಬಿಲಿ ಮಾಡುವ ಒಂದು ವಿಷಯವಿದೆ. ಕೆಲಸವೆಲ್ಲ ಮುಂಬೈ ಕೇಂದ್ರದಲ್ಲಿ ನಡೆದರೂ ಐಎಎಂನಲ್ಲಿ ಬಳಕೆದಾರರನ್ನು ಸೃಷ್ಟಿಸಿದ, ಕೀ ಮಾಡಿದ ದಾಖಲೆ ಅಮೆರಿಕದ ಉತ್ತರ ವರ್ಜೀನಿಯಾ ಕೇಂದ್ರದಲ್ಲಿ, ಅಂದರೆ `us-east-1` ಪುಟದಲ್ಲಿ ಸಿಗುತ್ತದೆ. ಮುಂಬೈ ಪುಟ ಖಾಲಿಯಿದೆ ಎಂದು ಸಮಾಧಾನಪಟ್ಟರೆ ಸಾಲದು. `us-east-1`ಗೆ ಬದಲಿಸಿ `CreateUser`, `CreateLoginProfile`, `CreateAccessKey` ಎಂಬ ಮೂರು ಹೆಸರುಗಳನ್ನು ಹುಡುಕಿ. ಕೋಡ್ ಸ್ಪೇಸಸ್ ಖಾತೆಯಲ್ಲಿ ದಾಳಿಕೋರ ಮಾಡಿದಂಥ ಕೆಲಸ ಇಂದು ಐಎಎಂನಲ್ಲಿ ನಡೆದರೆ ಈ ಹೆಸರುಗಳಲ್ಲೇ ದಾಖಲಾಗುತ್ತದೆ. ಮೊದಲ ದಿನ ಅಲ್ಲಿ ನೀವೇ ಮಾಡಿದ ಒಂದೆರಡು ಸಾಲು ಮಾತ್ರ ಇರಬೇಕು.

ಎಸ್3 ಸಂಗ್ರಹದಲ್ಲಿಟ್ಟ ಕಡತಗಳು ಜಗತ್ತಿಗೆಲ್ಲ ಕಾಣುವಂತಾಗಿ ಹಲವು ಸಂಸ್ಥೆಗಳು ಪೇಚಿಗೆ ಸಿಕ್ಕಿವೆ. 2023ರ ಏಪ್ರಿಲಿನಿಂದ ಹೊಸ ಬಕೆಟ್ಟುಗಳು ಮುಚ್ಚಿಯೇ ಹುಟ್ಟುತ್ತವೆ. ಆದರೂ ಯಾರಾದರೂ ಆತುರದಲ್ಲಿ ತೆರೆದುಬಿಡಬಹುದು. ಎಸ್3 ಪುಟದಲ್ಲಿ ಇಡೀ ಖಾತೆಗೆ ಅನ್ವಯಿಸುವ `Block Public Access` ಇದೆ, ಅದನ್ನು ಹಾಕಿಬಿಟ್ಟರೆ ಒಂದೊಂದು ಬಕೆಟ್ಟಿನ ಚಿಂತೆ ಬೇಡ. ಮುಂದೆ ಜಾಲತಾಣದ ಚಿತ್ರಗಳನ್ನು ಬಕೆಟ್ಟಿನಿಂದ ನೇರವಾಗಿ ಎಲ್ಲರಿಗೂ ತೋರಿಸಬೇಕೆಂದಾಗ ಇದು ಅಡ್ಡಬರುತ್ತದೆ. ಆಗ ಯೋಚಿಸಿ ತೆರೆಯಬಹುದು, ಇಲ್ಲವೇ ಕ್ಲೌಡ್‌ಫ್ರಂಟ್ ಎಂಬ ಸೇವೆಯನ್ನು ಮುಂದಿಟ್ಟು ಬಕೆಟ್ಟನ್ನು ಮುಚ್ಚಿಯೇ ಇಡಬಹುದು.

ಇದಿಷ್ಟಕ್ಕೆ ಒಂದು ಮಧ್ಯಾಹ್ನ ಸಾಕು. ಬೆದರಿಕೆ ಪತ್ತೆಹಚ್ಚುವ ಇನ್ನೂ ಹತ್ತಾರು ಸೇವೆಗಳು ಫಲಕದಲ್ಲಿವೆ, ಕೆಲವಕ್ಕೆ ಮೊದಲ ತಿಂಗಳು ಉಚಿತ. ಖಾಲಿ ಖಾತೆಯಲ್ಲಿ ಇವತ್ತೇ ಅವುಗಳನ್ನೆಲ್ಲ ಹಾಕಿಕೊಂಡರೆ ಪರೀಕ್ಷಾ ಅವಧಿ ಸುಮ್ಮನೆ ಕಳೆದು ಬಿಲ್ ಶುರುವಾಗುತ್ತದೆ. ಜಾಲತಾಣ ಏಳುವ ವಾರಕ್ಕೆ ಅವು ಇರಲಿ. ಆ ವಾರಕ್ಕೇ ಇನ್ನೊಂದು ಕೆಲಸ ಸೇರಿಸಿಕೊಳ್ಳಿ: ವಿದ್ಯಾರ್ಥಿಗಳ ಮಾಹಿತಿ ಒಳಬಂದ ಮೇಲೆ ಅದರ ಬ್ಯಾಕಪ್ಪಿನ ಒಂದು ಪ್ರತಿಯಾದರೂ ಬೇರೆಯೇ ಖಾತೆಯಲ್ಲಿ, ಬೇರೆಯೇ ಲಾಗಿನ್ನಿನ ಹಿಂದೆ ಇರಬೇಕು. ಒಂದೇ ಫಲಕದಿಂದ ಅಸಲನ್ನೂ ಪ್ರತಿಯನ್ನೂ ಅಳಿಸಬಹುದಾದರೆ ಅದನ್ನು ಬ್ಯಾಕಪ್ ಎನ್ನಲಾಗದು.

ಮುಂದೆ ಎಂದಾದರೂ ನೀವು ಮಾಡದ ರೂಟ್ ಲಾಗಿನ್, ಗುರುತಿಲ್ಲದ ಬಳಕೆದಾರ, ಅಥವಾ ಕೇಳರಿಯದ ಕೇಂದ್ರದ ಬಿಲ್ ಕಂಡರೆ, ಪಾಸ್‌ವರ್ಡ್ ಬದಲಿಸಿ ಸುಮ್ಮನಾಗಬೇಡಿ. ಮೊದಲು ಬೇರೆ, ಸ್ವಚ್ಛ ಕಂಪ್ಯೂಟರಿನಿಂದ ಇ-ಮೇಲಿನ ಪಾಸ್‌ವರ್ಡ್ ಬದಲಿಸಿ, ಅಲ್ಲಿ ಪತ್ರಗಳನ್ನು ಬೇರೆ ಕಡೆಗೆ ತಿರುಗಿಸುವ ನಿಯಮ ಯಾರಾದರೂ ಹಾಕಿದ್ದಾರೆಯೇ ನೋಡಿ. ನಂತರ ರೂಟ್ ಪಾಸ್‌ವರ್ಡ್, ರೂಟ್‌ಗೆ ಸೇರಿಸಿದ ಅಪರಿಚಿತ ಎಂಎಫ್‌ಎ ಸಾಧನ, ಅಪರಿಚಿತ ಬಳಕೆದಾರರು ಮತ್ತು ರೋಲ್‌ಗಳು, ಎಲ್ಲ ಆ್ಯಕ್ಸೆಸ್ ಕೀಗಳು. ಇವುಗಳನ್ನು ಒಂದೊಂದಾಗಿ ದಿನಗಟ್ಟಲೆ ಎಳೆಯದೆ ಇಬ್ಬರೂ ಒಟ್ಟಿಗೆ ಕುಳಿತು ಒಂದೇ ಬಾರಿಗೆ ಮುಗಿಸಬೇಕು. ನಡುವೆ ಬಿಟ್ಟ ಒಂದೇ ಲಾಗಿನ್ ಒಳಗಿರುವವನಿಗೆ ಸಾಕು. ಆಮೇಲೆ ಕೇಂದ್ರಗಳ ಪಟ್ಟಿಯನ್ನು ಒಂದೊಂದಾಗಿ ತೆರೆದು ಓಡುತ್ತಿರುವ ಯಂತ್ರಗಳನ್ನು ನೋಡಿ, ಎಡಬ್ಲ್ಯುಎಸ್‌ನ ಸಪೋರ್ಟ್ ಪುಟದಿಂದ ದೂರು ದಾಖಲಿಸಿ. ಖಾತೆ ಮತ್ತು ಬಿಲ್ಲಿನ ವಿಷಯದ ದೂರಿಗೆ ಹಣ ಕೊಟ್ಟು ಯಾವ ಸಪೋರ್ಟ್ ಯೋಜನೆಯನ್ನೂ ಕೊಳ್ಳಬೇಕಾಗಿಲ್ಲ, ಉಚಿತವಾದ ಮೂಲ ಯೋಜನೆಯಲ್ಲೇ ಅದಕ್ಕೆ ಅವಕಾಶವಿದೆ.